ಪರೀಕ್ಷೆಗೆ ಮುಂಚೆ ಮೂರು ನಿಮಿಷ

ನಮ್ಮ ಶಾಲೆಯಲ್ಲಿ ಯಾರಿಗೂ ಬೇಡವಾದ ಕೆಲಸವೊಂದು ಹುಟ್ಟಿದರೆ ಅದು ಕಾಲುನಡಿಗೆಯಲ್ಲೇ ಹೊಲಿಗೆ ಕೋಣೆಗೆ ಬಂದು ಸೇರುತ್ತದೆ. ನಾನು ಹೊಲಿಗೆ ಟೀಚರ್, ಹೆಸರು ಕುಮುದಾ. ಜನಗಣತಿ, ಮೊಟ್ಟೆ ಹಂಚಿಕೆ, ವಾರ್ಷಿಕೋತ್ಸವಕ್ಕೆ ಪರದೆ ಕಟ್ಟುವುದು, ಎಲ್ಲ ನನ್ನವೇ. ಈ ಸಲ ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆಗೆ ಇಪ್ಪತ್ತೆರಡು ದಿನ ಇದೆ ಅನ್ನುವಾಗ ಹೆಡ್‌ಮಾಸ್ಟರ್ ಶಂಕರಲಿಂಗಯ್ಯನವರು ಬಾಗಿಲಲ್ಲಿ ನಿಂತರು. ಅವರು ಒಳಗೆ ಬರದೆ ಬಾಗಿಲಲ್ಲೇ ನಿಂತರೆ ಏನೋ ತಂದಿದ್ದಾರೆ ಎಂದೇ ಅರ್ಥ.

"ಮೇಡಂ, ಮಕ್ಕಳಿಗೆ ಧೈರ್ಯ ತುಂಬೋಕೆ ಒಂದು ವಿಡಿಯೋ ಮಾಡ್ಬೇಕಂತೆ. ಮೂರು ನಿಮಿಷ. ಮೇಲಿಂದ ಆದೇಶ ಬಂದಿದೆ. ಮಾತು ಬರ್ದು, ನೀವೇ ಮಾತಾಡ್ಬಿಡಿ."

"ನಾನ್ಯಾಕೆ ಸಾರ್? ಗಣಿತದವರಿದಾರೆ, ವಿಜ್ಞಾನದವರಿದಾರೆ."

"ಅವರೆಲ್ಲ ರಿವಿಷನ್ ಮಾಡಿಸ್ತಿದಾರೆ. ನಿಮ್ಮದು ಬೋರ್ಡ್ ಸಬ್ಜೆಕ್ಟ್ ಅಲ್ವಲ್ಲ."

ಹದಿನಾರು ವರ್ಷದಿಂದ ಇದೇ ಮಾತು. ಕೇಳಿ ಕೇಳಿ ಕಿವಿ ತೂತು ಬಿದ್ದಿದೆ. ಆದರೆ ಒಂದು ಒಪ್ಪಿಕೊಳ್ಳಬೇಕು, ಆ ಮಾತು ಪ್ರತಿ ಸಲವೂ ಸ್ಪಷ್ಟವಾಗಿ ಕೇಳಿಸುತ್ತದೆ. ನಮ್ಮ ಊರಿನಲ್ಲಿ ಆಡುವವರ ಮನಸ್ಸಿನಲ್ಲಿ ಇಲ್ಲದ ಮಾತು ಕೇಳಿಸುವುದಿಲ್ಲ. ತುಟಿ ಅಲ್ಲಾಡುತ್ತದೆ, ಕೈಯೂ ಆಡುತ್ತದೆ, ಸದ್ದು ಮಾತ್ರ ಬರುವುದಿಲ್ಲ. ಶಂಕರಲಿಂಗಯ್ಯನವರಿಗೆ ಹೊಲಿಗೆ ಬೋರ್ಡ್ ವಿಷಯ ಅಲ್ಲ ಎಂಬುದರಲ್ಲಿ ಪೂರ್ಣ ನಂಬಿಕೆ ಇದೆ.

ಹೊರಗಿನಿಂದ ಬಂದವರಿಗೆ ಇದು ವಿಚಿತ್ರ, ನಮಗೆ ಅಭ್ಯಾಸ. ಮದುವೆ ಮನೆಯಲ್ಲಿ ಹೆಚ್ಚಿನವರು ಅಕ್ಷತೆ ಹಾಕಿ ಸುಮ್ಮನೆ ಊಟಕ್ಕೆ ಹೋಗುತ್ತಾರೆ. ಸಾವಿನ ಮನೆಯಲ್ಲಿ ಯಾರೂ ಏನೂ ಹೇಳುವುದಿಲ್ಲ, ಪಕ್ಕದಲ್ಲಿ ಕೂರುತ್ತಾರೆ. ಸೀರೆ ಅಂಗಡಿಯಾತ "ನಿಮಗಂತ ಕಮ್ಮಿಗೆ ಕೊಡ್ತಿದೀನಿ" ಎನ್ನಲು ಹೋಗಿ ಬಾಯಿ ಬಿಡುವುದನ್ನು ನೋಡಿ ನಾವು ಎದ್ದು ಬರುತ್ತೇವೆ. ನನ್ನ ಯಜಮಾನರು ಬಸ್ ಕಂಡಕ್ಟರ್, ಪಕ್ಕದ ತಾಲ್ಲೂಕಿನ ಡಿಪೋದಲ್ಲಿದ್ದು ಭಾನುವಾರ ಮನೆಗೆ ಬರುತ್ತಾರೆ. "ಒಳಗೆ ಹೋಗಿ, ಜಾಗ ಇದೆ" ಎಂಬ ಅವರ ಕೂಗು ನಮ್ಮ ಊರಿನ ಗಡಿಕಲ್ಲು ಬಂದ ಕೂಡಲೇ ನಿಂತುಹೋಗುತ್ತದಂತೆ. ಅದಕ್ಕೇ ಇಲ್ಲಿ ಅವರು ಕೈಯಿಂದ ತಳ್ಳುತ್ತಾರೆ. ಶಾಲೆಯಲ್ಲಿ ಇದರಿಂದ ಒಂದು ಅನುಕೂಲವೂ ಇದೆ. ತಿಳಿಯದೆ ಉರು ಹೊಡೆದದ್ದನ್ನು ಮಕ್ಕಳು ಒಪ್ಪಿಸಲು ನಿಂತರೆ ಬಾಯಿ ಮಾತ್ರ ಆಡುತ್ತದೆ, ಮೇಷ್ಟ್ರಿಗೆ ಬೆತ್ತವಿಲ್ಲದೆ ತಿಳಿಯುತ್ತದೆ.

ಇಂಥ ಊರಿನಲ್ಲಿ ಧೈರ್ಯ ತುಂಬುವ ವಿಡಿಯೋ! ಹಿಂದಿನ ವರ್ಷ ಅದನ್ನು ಮಾಡಿದವರು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಪುಟ್ಟಬಸಪ್ಪನವರು. ಭಾಷಣ ಎಂದರೆ ಅವರಿಗೆ ಪ್ರಾಣ. ಇಪ್ಪತ್ತು ವರ್ಷದಿಂದ ಒಂದು ಅಕ್ಷರ ಕೇಳಿಸದಿದ್ದರೂ ಬಿಟ್ಟಿಲ್ಲ. ಅವರ ತುಟಿ ಮುಚ್ಚಿದಾಗ ನಾವು ಚಪ್ಪಾಳೆ ತಟ್ಟುತ್ತೇವೆ. ಹಿಂದಿನ ವರ್ಷ ಹುಷಾರಾಗಿ ಗಡಿಕಲ್ಲಿನ ಆಚೆ ಹೋಗಿ ಚಿತ್ರೀಕರಣ ಮಾಡಿಸಿದರು. ಅಲ್ಲಿ ಚೆನ್ನಾಗಿ ಕೇಳಿಸಿತು. ಊರಿಗೆ ತಂದು ಪರದೆಯ ಮೇಲೆ ಹಾಕಿದರೆ ಮತ್ತೆ ಮೌನ. ಸರಿ, ಕೆಳಗೆ ಅಕ್ಷರ ಹಾಕಿಸಿ, ಹಿಂದೆ ನಗಾರಿ ಸಂಗೀತ ಸೇರಿಸಿದರು. ಹತ್ತನೇ ತರಗತಿಯ ತೊಂಬತ್ತು ಮಕ್ಕಳು ಸಾಲಾಗಿ ಕೂತು ನೋಡಿದರು. ಸಾಧಿಸುವ ಛಲ ಇರಲಿ, ಕನಸಿಗೆ ರೆಕ್ಕೆ ಇರಲಿ, ನಿಮ್ಮಿಂದ ಅಸಾಧ್ಯವಾದದ್ದು ಏನೂ ಇಲ್ಲ, ಎಲ್ಲ ಅಕ್ಷರದಲ್ಲಿ ಹಾದುಹೋಯಿತು. ಎರಡು ನಿಮಿಷ ನಲವತ್ತು ಸೆಕೆಂಡಿಗೆ ಇದ್ದಕ್ಕಿದ್ದಂತೆ ಒಂದೇ ಒಂದು ವಾಕ್ಯ ಗಂಟೆ ಹೊಡೆದಂತೆ ಕೇಳಿಸಿತು. "ಈ ಊರಿನ ಮರ್ಯಾದೆ ನಿಮ್ಮ ಕೈಲಿದೆ, ಕಳೀಬೇಡಿ."

ಅದೊಂದು ಮಾತ್ರ ಅವರ ಮನಸ್ಸಿನಲ್ಲಿ ಇದ್ದದ್ದು. ಮಕ್ಕಳು ಮನೆಗೆ ಕೊಂಡೊಯ್ದದ್ದೂ ಅದೊಂದನ್ನೇ. ಗಣಿತದ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಅರ್ಧ ಗಂಟೆಗೆ ಎದ್ದು, ಖಾಲಿ ಉತ್ತರ ಪತ್ರಿಕೆ ಕೊಟ್ಟು, ಅಂಗಳದ ನಲ್ಲಿಯ ಹತ್ತಿರ ಹೋಗಿ ವಾಂತಿ ಮಾಡಿಕೊಂಡ. ಓದುವ ಹುಡುಗನೇ. ಮೂರು ತಿಂಗಳ ಮೇಲೆ ಎರಡನೇ ಪರೀಕ್ಷೆಯಲ್ಲಿ ಪಾಸಾದ. ಆದರೆ ಈಗಲೂ ಶಾಲೆಯ ಗೇಟಿನ ಮುಂದೆ ಬರುವುದಿಲ್ಲ, ಹಿಂದಿನ ಓಣಿಯಲ್ಲಿ ಸುತ್ತಿಕೊಂಡು ಹೋಗುತ್ತಾನೆ. ಇದನ್ನು ನಾನು ಹೇಳಿದರೆ ಪುಟ್ಟಬಸಪ್ಪನವರು, "ಅವನಿಗೆ ಬೆಳಗ್ಗೆ ಇಡ್ಲಿ ಹಿಡಿಸಿಲ್ಲ ಮೇಡಂ" ಎನ್ನುತ್ತಾರೆ. ಪಾಪ, ಅದೂ ಕೇಳಿಸುತ್ತದೆ, ಅವರು ಹಾಗೇ ನಂಬಿಕೊಂಡಿದ್ದಾರೆ.

ಇಷ್ಟೇ ಆಗಿದ್ದರೆ ನಾನೂ ಏನೋ ಒಂದು ಗೀಚಿ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದೆ. ಆದರೆ ಈ ವರ್ಷದ ಹತ್ತನೇ ತರಗತಿಯ ತೊಂಬತ್ತು ಮಕ್ಕಳಲ್ಲಿ ನನ್ನ ಮಗಳು ವರ್ಷಿಣಿಯೂ ಒಬ್ಬಳು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತಕ್ಕೆ ಎಂಬತ್ತರಲ್ಲಿ ಹತ್ತೊಂಬತ್ತು ತಂದಿದ್ದಳು. ಪತ್ರಿಕೆಯನ್ನು ಮಡಚಿ ಮಡಚಿ ಬೆಂಕಿಪೊಟ್ಟಣದಷ್ಟು ಮಾಡಿ ಊಟದ ಹೊತ್ತಿಗೆ ನನ್ನ ಮುಂದೆ ಇಟ್ಟಳು. ನಾನು ಅದನ್ನು ಬಿಡಿಸಿ ನೋಡಿ, ಒಳ್ಳೆಯ ತಾಯಿ ಹೇಳುವ ಮಾತನ್ನು ಹೇಳಿದೆ. ಎಷ್ಟು ಬಂದರೂ ಪರವಾಗಿಲ್ಲ ಪುಟ್ಟಿ, ನನಗೇನೂ ಬೇಜಾರಿಲ್ಲ.

ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. "ಏನೂ ಕೇಳಿಸ್ಲಿಲ್ಲಮ್ಮ" ಎಂದಳು.

ನಾನು ಇನ್ನೊಮ್ಮೆ ಹೇಳಿದೆ. ಮೂರನೇ ಸಲ ಗಟ್ಟಿಯಾಗಿ ಹೇಳಿದೆ, ಕತ್ತಿನ ನರ ಉಬ್ಬುವಷ್ಟು. ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿ ಮಾತ್ರ ಕೇಳಿಸಿತು. ವರ್ಷಿಣಿ ತಟ್ಟೆ ತೊಳೆದಿಟ್ಟು ಒಳಗೆ ಹೋದಳು. ಮರುದಿನ ಶಾಲೆಯಲ್ಲಿ ಎಲ್ಲರೂ ಪ್ರವೇಶ ಪತ್ರ ತೆಗೆದುಕೊಂಡರೆ ಇವಳದ್ದು ಆಫೀಸಿನ ಮೇಜಿನ ಮೇಲೆ ಉಳಿಯಿತು. ಕೇಳಿದ್ದಕ್ಕೆ, "ನಾನು ಈ ಸಲ ಬರೆಯಲ್ಲ. ಮುಂದಿನ ವರ್ಷ ನೋಡ್ತೀನಿ" ಎಂದಳು. ಅವಳ ಮಾತೂ ಚೆನ್ನಾಗಿ ಕೇಳಿಸಿತು.

ಯಜಮಾನರು ಭಾನುವಾರ ಬಂದವರು, "ಬಲವಂತ ಮಾಡ್ಬೇಡ" ಎಂದು ನನಗೂ, "ಅಮ್ಮನ ಮಾತು ಕೇಳು" ಎಂದು ಅವಳಿಗೂ ಹೇಳಿ ಸೋಮವಾರ ಬೆಳಗ್ಗೆ ಬಸ್ ಹತ್ತಿದರು. ಎರಡೂ ಕೇಳಿಸಿದವು. ಎರಡನ್ನೂ ಒಟ್ಟಿಗೆ ನಂಬುವ ಶಕ್ತಿ ಆ ಮನುಷ್ಯನಿಗಿದೆ.

ಹೀಗೆ ಸ್ವಂತ ಮಗಳಿಗೆ ಒಂದು ವಾಕ್ಯ ಕೇಳಿಸುವಂತೆ ಹೇಳಲಾಗದವಳು ತೊಂಬತ್ತು ಮಕ್ಕಳಿಗೆ ಮೂರು ನಿಮಿಷ ಬರೆಯಲು ಕೂತೆ. ಹಾಳೆಯ ನಡುವೆ ಗೆರೆ ಎಳೆದೆ, ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು. ಬಟ್ಟೆ ಕತ್ತರಿಸುವ ಮೊದಲು ಅಳತೆ ತೆಗೆಯುವವಳಲ್ಲವೇ ನಾನು, ಇದಕ್ಕೂ ತೆಗೆದೆ. ಉಸಿರಿಗೆ ಬಿಡುವು ಕೊಟ್ಟು ನಿಧಾನವಾಗಿ ಮಾತಾಡಿದರೆ ನಿಮಿಷಕ್ಕೆ ಎಂಬತ್ತು, ತೊಂಬತ್ತು ಪದ. ಮೂರು ನಿಮಿಷಕ್ಕೆ ಇನ್ನೂರೈವತ್ತು. ಅಷ್ಟರಲ್ಲಿ ಹೆಚ್ಚೆಂದರೆ ಏಳು ವಿಷಯ ಹೇಳಬಹುದು, ಎಂಟನೆಯದು ಹಾಕಿದರೆ ಮೊದಲನೆಯದು ಉದುರಿಹೋಗುತ್ತದೆ.

ಮೊದಲ ಕರಡನ್ನು ತರಕಾರಿ ಹೆಚ್ಚುತ್ತಾ ಗಟ್ಟಿಯಾಗಿ ಓದಿದೆ. "ಪ್ರೀತಿಯ ಮಕ್ಕಳೇ" ಕೇಳಿಸಿತು. "ಪರೀಕ್ಷೆ ಒಂದು ಹಬ್ಬವಿದ್ದಂತೆ" ಕೇಳಿಸಲಿಲ್ಲ. ಪರೀಕ್ಷೆ ಹಬ್ಬ ಎಂದು ಯಾವ ತಾಯಿಗೆ ಅನಿಸಿದೆ? "ಹೆದರಬೇಡಿ" ಇಲ್ಲ. "ನೀವೆಲ್ಲರೂ ಗೆದ್ದೇ ಗೆಲ್ಲುತ್ತೀರಿ" ಇಲ್ಲ. ಒಂದೂವರೆ ಪುಟದಲ್ಲಿ ಸದ್ದು ಬಂದದ್ದು ಮೂರು ವಾಕ್ಯಕ್ಕೆ. ಪ್ರೀತಿಯ ಮಕ್ಕಳೇ ಎಂಬುದು ಒಂದು. ಉಳಿದ ಎರಡು, "ನಿಮ್ಮ ಅಪ್ಪ ಅಮ್ಮ ನಿಮಗಾಗಿ ಕಷ್ಟಪಟ್ಟಿದ್ದಾರೆ" ಮತ್ತು "ಸಮಯ ತುಂಬ ಕಡಿಮೆ ಇದೆ." ಕೇಳಿಸಿದ್ದಕ್ಕೆ ಸಂತೋಷಪಟ್ಟು ಅವನ್ನು ಉಳಿಸಿಕೊಂಡಿದ್ದೆ. ಆಮೇಲೆ ಬೆಂಡೆಕಾಯಿ ಅರ್ಧಕ್ಕೆ ಬಿಟ್ಟು ಯೋಚಿಸಿದೆ. ಇವೆರಡೂ ಪುಟ್ಟಬಸಪ್ಪನವರ ಮರ್ಯಾದೆಯ ವಾಕ್ಯದ ತಂಗಿಯರೇ. ನಮ್ಮ ಊರಿನಲ್ಲಿ ಪೊಳ್ಳು ಮಾತು ತಾನಾಗಿ ಸಾಯುತ್ತದೆ, ಚುಚ್ಚುವ ಮಾತು ಮಾತ್ರ ಬದುಕುತ್ತದೆ. ಕೇಳಿಸಿತು ಎಂದ ಮಾತ್ರಕ್ಕೆ ಹೇಳಬಹುದಾದದ್ದಲ್ಲ. ಎರಡನ್ನೂ ಹೊಡೆದುಹಾಕಿದೆ. ಪುಟ ಖಾಲಿಯಾಯಿತು.

ಮರುದಿನ ಬಟ್ಟೆ ಚೂರು ಹಾಕುವ ಡಬ್ಬವನ್ನು ಖಾಲಿ ಮಾಡಿ ಹತ್ತನೇ ತರಗತಿಯ ಬಾಗಿಲ ಬಳಿ ಇಟ್ಟೆ. ಪರೀಕ್ಷೆಯ ಬಗ್ಗೆ ನಿಮ್ಮ ತಲೆಯಲ್ಲಿ ಏನಿದೆಯೋ ಬರೆದು ಹಾಕಿ, ಹೆಸರು ಬೇಡ ಎಂದೆ. ಬರೆದದ್ದಕ್ಕೆ ನಮ್ಮ ಊರಿನ ಕಟ್ಟಳೆ ಅನ್ವಯಿಸುವುದಿಲ್ಲ, ಸುಳ್ಳನ್ನೂ ಬರೆಯಬಹುದು, ಆದರೆ ಮಕ್ಕಳು ಸುಳ್ಳು ಬರೆದಿರಲಿಲ್ಲ. ಪೆನ್ನು ನಿಂತುಹೋದರೆ ಇನ್ನೊಂದು ಕೊಡ್ತಾರಾ? ಮಧ್ಯೆ ಒಂದಕ್ಕೆ ಬಂದರೆ ಬಿಡ್ತಾರಾ? ಮೊದಲನೇ ಪ್ರಶ್ನೆಯೇ ಬರದಿದ್ದರೆ ಉಳಿದದ್ದೂ ಮರೆತುಹೋಗುತ್ತೆ. ಪಕ್ಕದವರು ಎಕ್ಸ್‌ಟ್ರಾ ಶೀಟ್ ಕೇಳಿದರೆ ಕೈ ನಡುಗುತ್ತೆ. ಓದಿದ್ದೇನೆ, ಆದರೆ ಓದಿದ್ದು ಒಳಗಿದೆಯಾ ಅಂತ ಗೊತ್ತಿಲ್ಲ. ಫೇಲಾದರೆ ಅವತ್ತು ಎಲ್ಲಿಗೆ ಹೋಗೋದು? ಈ ಕೊನೆಯದು ಹನ್ನೊಂದು ಚೀಟಿಗಳಲ್ಲಿತ್ತು, ಹನ್ನೊಂದು ಬೇರೆ ಬೇರೆ ಕೈಬರಹದಲ್ಲಿ.

ಒಂದು ಚೀಟಿ ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಮಡಚಿಕೊಂಡಿತ್ತು. ಅದನ್ನು ಬಿಡಿಸಲು ನನಗೆ ಧೈರ್ಯ ಬೇಕಾಯಿತು. "ಅಮ್ಮನಿಗೆ ನಾನು ಪಾಸಾದರೆ ಮಾತ್ರ ಇಷ್ಟ ಅಂತ ಈಗ ಗೊತ್ತಾಯಿತು. ಅವಳು ಸುಳ್ಳು ಹೇಳೋಕೂ ಪ್ರಯತ್ನ ಮಾಡಿದಳು."

ಹೊಲಿಗೆ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಸಿಟ್ಟು ಬಂತು. ಊರಿನ ಮೇಲೆ, ಅದರ ಈ ದರಿದ್ರ ಕಟ್ಟಳೆಯ ಮೇಲೆ, ನನ್ನ ಮೇಲೆ. ಬೇರೆ ಊರಿನಲ್ಲಿ ಹುಟ್ಟಿದ್ದರೆ ಆ ಮಾತು ಕೇಳಿಸುತ್ತಿತ್ತು, ಅವಳು ನಂಬುತ್ತಿದ್ದಳೋ ಏನೋ, ಇಬ್ಬರೂ ಮಲಗಿ ನಿದ್ದೆ ಮಾಡುತ್ತಿದ್ದೆವು.

ಎರಡನೇ ಕರಡನ್ನು ಚೀಟಿಗಳನ್ನು ಮುಂದಿಟ್ಟುಕೊಂಡು ಬರೆದೆ. ಧೈರ್ಯ ಎಂಬ ಪದ ಬೇಡ, ಕೈಗೆ ಮಾಡಲು ಏನಾದರೂ ಕೊಡೋಣ ಎಂದುಕೊಂಡೆ. "ಮೊದಲ ಹದಿನೈದು ನಿಮಿಷ ಪ್ರಶ್ನೆಪತ್ರಿಕೆ ಓದೋದಕ್ಕೇ ಕೊಟ್ಟಿರೋದು. ಆ ಹೊತ್ತಲ್ಲಿ ನಿನಗೆ ಬರೋ ಮೂರು ಪ್ರಶ್ನೆ ಹುಡುಕು. ಅವನ್ನೇ ಮೊದಲು ಬರಿ, ಪ್ರಶ್ನೆ ಸಂಖ್ಯೆ ಸರಿಯಾಗಿ ಹಾಕಿದರೆ ಸಾಕು, ಕ್ರಮದಲ್ಲೇ ಬರೀಬೇಕು ಅಂತೇನಿಲ್ಲ." ಒಲೆಯ ಮುಂದೆ ನಿಂತು ಓದಿದೆ. ಕೇಳಿಸಿತು! "ಎಲ್ಲ ಮರೆತುಹೋದ ಹಾಗಾದರೆ ಪೆನ್ನು ಕೆಳಗಿಡು. ಎರಡೂ ಪಾದ ನೆಲಕ್ಕೆ ಒತ್ತು. ಉಸಿರನ್ನ ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡು, ಐದು ಸಲ. ಒಂದು ನಿಮಿಷ ಹೋಗುತ್ತೆ, ಹೋಗಲಿ." ಅದೂ ಕೇಳಿಸಿತು. "ಒಂದು ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡರೆ ಗೊತ್ತಿರೋ ಹೆಜ್ಜೆ ಬರೆದು, ಜಾಗ ಬಿಟ್ಟು ಮುಂದೆ ಹೋಗು. ಹೆಜ್ಜೆಗೂ ಅಂಕ ಇದೆ." "ಎರಡು ಪೆನ್ನು ತಗೊಂಡು ಬಾ, ಹೊಸದು ಬೇಡ, ಕೈಗೆ ಪಳಗಿದ್ದು." "ಹಿಂದಿನ ರಾತ್ರಿ ಹೊಸ ಪಾಠ ತೆಗೀಬೇಡ, ಮಲಗು." ಒಂದೊಂದಾಗಿ ಬಂದವು, ಕತ್ತರಿಸಿದ ತುಂಡುಗಳು ತಾವಾಗಿ ಹೊಂದಿಕೊಂಡಂತೆ.

ಬರೆಯುತ್ತ ಕೆಲವು ಸಣ್ಣ ಸಂಗತಿಗಳು ತಿಳಿದವು. ಮಕ್ಕಳೇ ಎಂದು ಮಂದೆಯನ್ನು ಕೂಗುವುದಕ್ಕಿಂತ ನೀನು ಎಂದರೆ ಒಬ್ಬೊಬ್ಬರಿಗೂ ಮುಟ್ಟುತ್ತದೆ. ಪಾಸಾದವರ ಫೋಟೋ ಒಂದೂ ಇರಬಾರದು, ನೋಡುವವರು ಅದರಲ್ಲಿ ತಮ್ಮನ್ನು ಹುಡುಕಿ ಕಾಣದೆ ಸೋಲುತ್ತಾರೆ. ಸಂಗೀತ ಬೇಡ. ನಿಂತು ಮೇಲಿನಿಂದ ಮಾತಾಡಬಾರದು, ಕೂತು ಅವರ ಕಣ್ಣಿನ ಎತ್ತರದಲ್ಲಿ ಮಾತಾಡಬೇಕು. ಯಾರ ಹತ್ತಿರ ಹೋಗಬೇಕು, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಹೆಸರು ಹಿಡಿದು ಹೇಳಬೇಕು. ತೋರಿಸುವುದು ಪರೀಕ್ಷೆಯ ಹಿಂದಿನ ದಿನವಲ್ಲ, ಒಂದು ವಾರ ಮುಂಚೆ, ಪ್ರಶ್ನೆ ಕೇಳಲು ಹೊತ್ತಿರುವಾಗ.

ಇದನ್ನೆಲ್ಲ ಸಮಿತಿಯ ಸಭೆಯಲ್ಲಿ ಓದಿದೆ. ಪುಟ್ಟಬಸಪ್ಪನವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಇದೇನ್ ಮೇಡಂ ಇದು, ಉಸಿರು ಬಿಡು, ಪಾದ ಒತ್ತು, ಪೆನ್ ತಗೊಂಡ್ ಬಾ. ಸ್ಫೂರ್ತಿ ಎಲ್ಲಿ? ರಕ್ತ ಕುದೀಬೇಕು."

"ಕುದಿಯೋದು ಬೇಡಾಂತಲೇ ಬರ್ದಿರೋದು ಸಾರ್."

"ಒಂದು ನಾಲ್ಕು ಒಳ್ಳೆ ಮಾತು ನಾನು ಸೇರಿಸ್ತೀನಿ. ಶುರುವಿನಲ್ಲಿ ಒಂದು ನಿಮಿಷ ನನ್ನದು, ಕೊನೇಲಿ ಅರ್ಧ ನಿಮಿಷ ನನ್ನದು."

ಹೆಡ್‌ಮಾಸ್ಟರ್ ಕಡೆ ನೋಡಿದೆ. ಅವರು ಕಿಟಕಿಯ ಕಡೆ ನೋಡಿದರು. ಮೂರು ನಿಮಿಷದಲ್ಲಿ ಒಂದೂವರೆ ಹೋದರೆ ಉಸಿರು ಬಿಡಬೇಕೋ ಪೆನ್ನು ಇಡಬೇಕೋ? ನನ್ನ ತಲೆ ಕೆಟ್ಟು ಕೆರ ಹಿಡಿಯಿತು.

ಚಿತ್ರೀಕರಣಕ್ಕೆ ಬಂದವನು ಮದುವೆ ವಿಡಿಯೋ ತೆಗೆಯುವ ಇಮ್ತಿಯಾಜ್, ಹಿಂದೊಮ್ಮೆ ಇದೇ ಶಾಲೆಯಲ್ಲಿ ನನ್ನಿಂದ ಗುಂಡಿ ಹೊಲಿಯಲು ಕಲಿತವನು. ಹೊಲಿಗೆ ಕೋಣೆಯಲ್ಲೇ ತೆಗೆಯೋಣ ಎಂದೆ. ಫ್ಯಾನ್ ನಿಲ್ಲಿಸಿದ, ಕಿಟಕಿಯ ಬೆಳಕು ಮುಖಕ್ಕೆ ಬೀಳುವಂತೆ ಕೂರಿಸಿದ, ಪುಟ್ಟ ಮೈಕನ್ನು ಸೆರಗಿಗೆ ಸಿಕ್ಕಿಸಿದ. ಪುಟ್ಟಬಸಪ್ಪನವರು ಇಸ್ತ್ರಿ ಮಾಡಿದ ಪಂಚೆಯಲ್ಲಿ ಬಂದು ಮೊದಲು ಕೂತು ನಾಲ್ಕು ನಿಮಿಷ ತುಟಿ ಆಡಿಸಿದರು. ಇಮ್ತಿಯಾಜ್ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗಂಭೀರವಾಗಿ ತಲೆಯಾಡಿಸಿದ. ಅವರು ಎದ್ದು ಮುಂದಿನ ಕಾರ್ಯಕ್ರಮಕ್ಕೆ ಹೋದ ಮೇಲೆ, "ಕ್ಯಾಮೆರಾ ಆನ್ ಮಾಡಿರ್ಲಿಲ್ಲ ಮೇಡಂ. ಯಾಕ್ ಸುಮ್ನೆ ಬ್ಯಾಟರಿ" ಎಂದ.

"ಕೇಳಿದ್ರೆ ಏನ್ ಹೇಳ್ತೀಯೋ?"

"ಏನೂ ಕೇಳಿಸ್ಲಿಲ್ಲ ಅಂತೀನಿ. ನಿಜಾನೇ ಅಲ್ವಾ."

ನನ್ನ ಸರದಿ. ಪ್ರಶ್ನೆಪತ್ರಿಕೆ, ಪೆನ್ನು, ಉಸಿರು, ಹೆಜ್ಜೆಗೆ ಅಂಕ, ಎಲ್ಲ ಒಂದೇ ಸಲಕ್ಕೆ ಸರಾಗವಾಗಿ ಆಯಿತು. ಪರೀಕ್ಷೆ ಮುಗಿಯುವ ತನಕ ದಿನಾ ಬೆಳಗ್ಗೆ ಒಂಬತ್ತಕ್ಕೆ ಈ ಕೋಣೆ ತೆರೆದಿರುತ್ತೆ, ನಾನಿರ್ತೀನಿ, ಸುಮ್ಮನೆ ಕೂರೋಕೂ ಬರಬಹುದು ಎಂದದ್ದೂ ಆಯಿತು. ಕೊನೆಗೆ ಉಳಿದದ್ದು ಆ ಹನ್ನೊಂದು ಚೀಟಿಗಳ ಉತ್ತರ. ಫೇಲಾದರೆ ಎರಡನೇ ಪರೀಕ್ಷೆ ಇದೆ, ಅರ್ಜಿ ಇದೇ ಆಫೀಸಿನಲ್ಲಿ ಸಿಗುತ್ತೆ, ಪಾಸಾದ ವಿಷಯ ಮತ್ತೆ ಬರೆಯಬೇಕಾಗಿಲ್ಲ, ಅದನ್ನೆಲ್ಲ ಹೇಳಿದೆ. ಆಮೇಲೆ ಹಾಳೆಯಲ್ಲಿದ್ದ ಮುಂದಿನ ವಾಕ್ಯ. ಎಷ್ಟು ಅಂಕ ಬಂದರೂ ಪರವಾಗಿಲ್ಲ.

ಇಮ್ತಿಯಾಜ್ ಕೈ ಎತ್ತಿದ. "ಮೇಡಂ, ಇನ್ನೊಂದ್ಸಲ."

ಇನ್ನೊಂದು ಸಲ. ಮತ್ತೂ ಒಂದು ಸಲ. ಏಳು ಸಲ. ನೀರು ಕುಡಿದು ಎಂಟನೇ ಸಲ.

"ಮೈಕ್ ಕೆಟ್ಟಿದೆಯೇನೋ ನೋಡು" ಎಂದೆ.

"ಈಗ ಹೇಳಿದ್ದು ಕೇಳಿಸ್ತಲ್ಲ ಮೇಡಂ. ಮೈಕ್ ಸರಿ ಇದೆ." ಅವನು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ ಮೆಲ್ಲಗೆ ಸೇರಿಸಿದ, "ಆ ಲೈನ್ ಬಿಟ್ಬಿಡೋಣ್ವಾ?"

ಬಿಡಬಹುದಿತ್ತು. ಅದನ್ನು ಬಿಟ್ಟರೆ ಹನ್ನೊಂದು ಚೀಟಿಗಳಿಗೆ ಉತ್ತರವೇ ಇಲ್ಲ. ಬೆಂಕಿಪೊಟ್ಟಣದಷ್ಟು ಮಡಚಿದ ಚೀಟಿ ಪರ್ಸಿನಲ್ಲಿತ್ತು. ನನಗೆ ರೇಗಿಹೋಯಿತು. ಹಾಳೆಯನ್ನು ಮುದುರಿ ಚೂರಿನ ಡಬ್ಬಕ್ಕೆ ಎಸೆದೆ.

"ಯಾಕೆ ಬರಲ್ಲ ಗೊತ್ತಾ? ಪರವಾಗಿಲ್ಲ ಅನ್ನೋದು ನಿಜ ಅಲ್ಲ, ಅದಕ್ಕೆ! ನನ್ನ ಮಗಳು ಗಣಿತದಲ್ಲಿ ಹತ್ತೊಂಬತ್ತು ತಗೊಂಡು ಬಂದ್ಲು. ನನಗೆ ಬೇಜಾರಾಯ್ತು. ಎದೆ ಹಿಡಿದ ಹಾಗಾಯ್ತು. ಈ ಸಲ ಫೇಲಾದ್ರೂ ಬೇಜಾರಾಗುತ್ತೆ, ಒಂದು ವಾರ ನಾನು ಸಪ್ಪೆ ಮುಖ ಹಾಕ್ಕೊಂಡಿರ್ತೀನಿ, ಅದನ್ನ ಮುಚ್ಚಿಡೋಕೆ ನನಗೆ ಬರಲ್ಲ. ಆದ್ರೆ ಆ ಬೇಜಾರು ನನ್ನದು. ಅದನ್ನ ಸರಿ ಮಾಡೋದು ಅವಳ ಕೆಲಸ ಅಲ್ಲ. ಹದಿನಾರು ವರ್ಷದಿಂದ ಅವಳಿಂದ ನೂರು ಸಲ ಬೇಜಾರಾಗಿದೀನಿ. ಒಂದ್ ದಿನಾನಾದ್ರೂ ಅವಳ ತಟ್ಟೆ ಹಾಕೋದು ಬಿಟ್ಟಿದೀನಾ? ರಿಸಲ್ಟ್ ಬಂದ ದಿನ ಎಲ್ಲಿಗೆ ಹೋಗೋದು ಅಂತ ಕೇಳ್ತೀರಲ್ಲ, ಮನೆಗೆ ಬಾ. ನೆಟ್ಟಗೆ ಮನೆಗೆ ಬಾ. ಅನ್ನ ಸಾರು ಮಾಡಿರ್ತೀನಿ. ನಾನು ಅತ್ತಿದ್ರೂ ಅನ್ನ ಆಗಿರುತ್ತೆ. ನಿಮ್ಮ ಮನೇಲಿ ಹಾಗಿಲ್ಲ, ಹೆದರಿಕೆ ಅನ್ನೋರು ಈ ಕೋಣೆಗೆ ಬನ್ನಿ. ರಿಸಲ್ಟ್ ದಿನ ಸಾಯಂಕಾಲದವರೆಗೂ ಇಲ್ಲೇ ಕೂತಿರ್ತೀನಿ, ನಿಮ್ಮ ಜೊತೆ ಮನೆವರೆಗೂ ಬರ್ತೀನಿ."

ಕೋಣೆಯಲ್ಲಿ ನನ್ನ ದನಿ ತುಂಬಿಹೋಗಿತ್ತು. ಅಷ್ಟು ಗಟ್ಟಿಯಾಗಿ ನನಗೇ ನಾನು ಎಂದೂ ಕೇಳಿಸಿರಲಿಲ್ಲ. ಇಮ್ತಿಯಾಜ್ ಹೆಡ್‌ಫೋನ್ ತೆಗೆದು ಕಿವಿ ಉಜ್ಜಿಕೊಳ್ಳುತ್ತಿದ್ದ.

"ಇದು ಆನ್ ಇತ್ತು ಮೇಡಂ" ಎಂದ.

ಮಗಳ ಅಂಕವನ್ನು ಊರಿಗೆಲ್ಲ ಸಾರುವ ಹಕ್ಕು ನನಗಿಲ್ಲ ಎಂಬುದು ಆಮೇಲೆ ಹೊಳೆಯಿತು. ಇಮ್ತಿಯಾಜನಿಗೆ ಯಾರಿಗೂ ಕೊಡಬೇಡ ಎಂದು ಹೇಳಿ, ಆ ತುಣುಕನ್ನು ನನ್ನ ಫೋನಿಗೆ ಹಾಕಿಸಿಕೊಂಡು ಮನೆಗೆ ಬಂದೆ. ವರ್ಷಿಣಿ ಹಿತ್ತಿಲ ಕಟ್ಟೆಯ ಮೇಲೆ ಕೂತು ಕೂದಲು ಒಣಗಿಸಿಕೊಳ್ಳುತ್ತಿದ್ದಳು. ಫೋನನ್ನು ಅವಳ ಪಕ್ಕದಲ್ಲಿಟ್ಟು, ಒತ್ತಿ, ನಾನು ಒಳಗೆ ಬಂದು ಅಕ್ಕಿ ತೊಳೆಯುತ್ತ ನಿಂತೆ. ನನ್ನ ದನಿ ಹಿತ್ತಿಲಿನಿಂದ ಅಡುಗೆಮನೆಯವರೆಗೂ ಬಂತು. ನಿಂತಿತು. ಮತ್ತೆ ಮೊದಲಿನಿಂದ ಬಂತು. ಮೂರು ಸಲ ಹಾಕಿದಳು. ಅಕ್ಕಿಯನ್ನು ನಾನು ಐದು ನೀರಿನಲ್ಲಿ ತೊಳೆದಿದ್ದೆ.

ಬಾಗಿಲಿಗೆ ಬಂದು ನಿಂತಳು. ಕಣ್ಣು ಕೆಂಪಾಗಿತ್ತು, ಮುಖದಲ್ಲಿ ಮಾತ್ರ ಜಗಳವಿತ್ತು. "ಹತ್ತೊಂಬತ್ತು ಅನ್ನೋದನ್ನ ತೆಗಿ. ನನ್ನ ಮಗಳು ಅನ್ನೋದನ್ನೂ ತೆಗಿ. ಎಲ್ರಿಗೂ ನಾನೇ ಅಂತ ಗೊತ್ತಾಗುತ್ತೆ."

"ಅಷ್ಟು ತೆಗೆದ್ರೆ ಮಿಕ್ಕಿದ್ದು ಹಾಕ್ಬಹುದಾ?"

"ಹಾಕು." ಒದ್ದೆ ಕೂದಲನ್ನು ಗಂಟು ಹಾಕಿಕೊಳ್ಳುತ್ತ ಕೇಳಿದಳು, "ಸಾರು ಏನ್ ಮಾಡ್ತಿದೀಯ?"

ಮರುದಿನ ಮತ್ತೆ ಕೂತು, ಆ ಎರಡು ಸಂಗತಿ ಬಿಟ್ಟು, "ನನಗೆ ಬೇಜಾರಾಗುತ್ತೆ, ನಿಮ್ಮ ಅಮ್ಮನಿಗೂ ಆಗಬಹುದು, ಅದು ನಿನ್ನದಲ್ಲ" ಎಂದು ಹೇಳಿದೆ. ಒಂದೇ ಸಲಕ್ಕೆ ಆಯಿತು. ಪರೀಕ್ಷೆಗೆ ಒಂದು ವಾರವಿದ್ದಾಗ ತೋರಿಸಿದೆವು. ಚಪ್ಪಾಳೆ ಬೀಳಲಿಲ್ಲ. ಹುಡುಗಿಯೊಬ್ಬಳು ಕೈ ಎತ್ತಿ, "ನಿಜವಾಗ್ಲೂ ಯಾವ ಪ್ರಶ್ನೆಯಿಂದ ಬೇಕಾದ್ರೂ ಶುರು ಮಾಡ್ಬಹುದಾ ಮಿಸ್?" ಎಂದು ಕೇಳಿದಳು. ಮಾಡಬಹುದು ಎಂದೆ. ಪುಟ್ಟಬಸಪ್ಪನವರು ತಮ್ಮ ಭಾಗ ಎಲ್ಲಿ ಎಂದು ಇಮ್ತಿಯಾಜನನ್ನು ಕೇಳುತ್ತಿದ್ದರು. ಪರದೆ ಬಿಚ್ಚುವಾಗ ನೋಡಿದೆ, ಆಫೀಸಿನ ಮೇಜಿನ ಮೇಲೆ ಪ್ರವೇಶ ಪತ್ರ ಇರಲಿಲ್ಲ. ಸಾಯಂಕಾಲ ಅದು ನಮ್ಮ ಮನೆಯ ಟಿವಿಯ ಮೇಲಿತ್ತು.

ಗಣಿತ ಪರೀಕ್ಷೆಯ ಬೆಳಗ್ಗೆ ಗೇಟಿನ ಮುಂದೆ ಜಾತ್ರೆಯಷ್ಟು ಅಪ್ಪ ಅಮ್ಮಂದಿರು. ನೂರು ಬಾಯಿ ಆಡುತ್ತಿದ್ದವು, ಅರ್ಧಕ್ಕರ್ಧ ಸದ್ದಿಲ್ಲ. ನನ್ನ ಮುಂದಿದ್ದ ಒಬ್ಬ ತಂದೆ ಮಗನ ಭುಜ ಹಿಡಿದು ತುಟಿ ಆಡಿಸಿ ಆಡಿಸಿ ಸೋತು, ಕೊನೆಗೆ "ನೀರಿನ ಬಾಟ್ಲಿ ಇಟ್ಕೊಂಡ್ಯಾ?" ಎಂದ. ಅದು ಕೇಳಿಸಿತು, ಹುಡುಗ ನಕ್ಕ. ವರ್ಷಿಣಿ ಕೈಗೆ ಪಳಗಿದ ಎರಡು ಪೆನ್ನು ಹಿಡಿದು ಗೇಟು ದಾಟಿದಳು. ನನಗೆ ಏನಾದರೂ ಹೇಳಬೇಕೆನಿಸಿತು. ಹಳೆಯ ಚಟ, ಚೆನ್ನಾಗಿ ಬರುತ್ತೆ ಬಿಡು ಎಂದೆ. ಸದ್ದು ಬರಲಿಲ್ಲ, ಪರೀಕ್ಷೆ ಚೆನ್ನಾಗಿ ಬರುತ್ತದೋ ಇಲ್ಲವೋ ನನಗೇನು ಗೊತ್ತು? ಅಷ್ಟರಲ್ಲಿ ಅವಳು ತಿರುಗಿ ನನ್ನ ತುಟಿಯನ್ನು ನೋಡಿಬಿಟ್ಟಿದ್ದಳು.

"ಮುಗಿಯೋವಾಗ ಈ ಹೊಂಗೆ ಮರದ ಕೆಳಗೇ ಇರ್ತೀನಿ, ಹೇಗಾಗಿದ್ರೂ ಇಲ್ಲಿಗೇ ಬಾ!" ಎಂದು ಕೂಗಿದೆ. ಮರದ ಮೇಲಿದ್ದ ಕಾಗೆಗಳು ಎದ್ದವು. ಇಡೀ ಗೇಟು ತಿರುಗಿ ನೋಡಿತು.

ವರ್ಷಿಣಿ ಹಣೆ ಚಚ್ಚಿಕೊಂಡಳು. "ಕೇಳಿಸ್ತಮ್ಮ, ಕೇಳಿಸ್ತು. ಊರಿಗೆಲ್ಲ ಕೇಳಿಸ್ತು" ಎಂದು ಹೇಳಿ ಒಳಗೆ ಹೋದಳು.